ಬರುವ ತ್ರೈಮಾಸಿಕದ ಲೆಕ್ಕ: ಚಲಿಸುವ ಸರಾಸರಿಯೂ ಕೊಳ್ಳುವವರ ಇಂಗಿತವೂ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಮಾರಾಟದ ಮುನ್ನಂದಾಜಿಗೆ ಅರ್ಥಶಾಸ್ತ್ರಜ್ಞರೂ ಸಂಖ್ಯಾಶಾಸ್ತ್ರಜ್ಞರೂ ಕಂಡುಕೊಂಡಿರುವ ವಿಧಾನಗಳು ಹಲವಾಗಿದ್ದರೂ, ಅವೆಲ್ಲವನ್ನೂ ಒಂದು ಸಂಜೆಯಲ್ಲಿ ಹೆಸರಿಸಿ ಮುಗಿಸುವುದಕ್ಕಿಂತ ಎರಡನ್ನು ಮಾತ್ರ ಕೈಗೆತ್ತಿಕೊಂಡು, ಅವುಗಳ ಸ್ವಭಾವವನ್ನು ಒಂದು ಉದಾಹರಣೆಯ ಮೂಲಕ ಕೊನೆಯವರೆಗೂ ಪರೀಕ್ಷಿಸಿ ನೋಡುವುದು ಮೇಲೆಂದು ಭಾವಿಸಿದ್ದೇನೆ. ಒಂದು, ಕಳೆದ ಮಾರಾಟದ ಅಂಕಿಗಳನ್ನೇ ಸಾಕ್ಷಿಗೆ ಕರೆಯುವ ಚಲಿಸುವ ಸರಾಸರಿ. ಇನ್ನೊಂದು, ಮುಂದೆ ಕೊಳ್ಳತಕ್ಕವರನ್ನೇ ಸಾಕ್ಷಿಗೆ ಕರೆಯುವ ಸಮೀಕ್ಷೆ. ಈ ಎರಡು ಸಾಕ್ಷಿಗಳಲ್ಲಿ ಯಾವುದೂ ಸುಳ್ಳು ಹೇಳುವುದಿಲ್ಲ. ಆದರೆ ಎರಡಕ್ಕೂ ಒಂದೊಂದು ನಿಯತವಾದ ದೋಷವುಂಟು, ಆ ದೋಷದ ಪ್ರಮಾಣವನ್ನು ಅಳೆಯಬಹುದು, ಅಳೆದು ತಿದ್ದಿಕೊಂಡ ಮೇಲೆಯೇ ಅವುಗಳ ಮಾತನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಪ್ರತಿಪಾದನೆ.

ಉದಾಹರಣೆಗೆ ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನೀರಾವರಿ ಪಂಪುಸೆಟ್ಟುಗಳನ್ನು ಮಾರುವ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳೂ ಲೆಕ್ಕದ ಅನುಕೂಲಕ್ಕೆಂದು ನಾನೇ ಕಲ್ಪಿಸಿದವು. ಅಂಗಡಿಯ ಯಜಮಾನರು ಡಿಸೆಂಬರ್ ತಿಂಗಳಲ್ಲಿ ತಯಾರಕರಿಗೆ ಮುಂಗಡ ಕಳುಹಿಸಿ, ಜನವರಿಯಿಂದ ಮಾರ್ಚಿಯವರೆಗೆ ಮಾರಬೇಕಾದ ಪಂಪುಗಳನ್ನು ತರಿಸಿಕೊಳ್ಳಬೇಕು. ತರಿಸಿದ್ದು ಕಡಮೆಯಾದರೆ, ತೋಟ ಒಣಗುತ್ತಿರುವ ರೈತನು ಕಾಯಲಾರದೆ ಪಕ್ಕದ ಊರಿಗೆ ಹೋಗುವನು. ಹೆಚ್ಚಾದರೆ, ಬಡ್ಡಿಗೆ ತಂದ ಹಣವು ಮಳೆಗಾಲ ಮುಗಿಯುವತನಕ ಗೋದಾಮಿನಲ್ಲಿ ಕಬ್ಬಿಣವಾಗಿ ಬಿದ್ದಿರುವುದು. ಎಷ್ಟು ಪಂಪುಗಳನ್ನು ತರಿಸಬೇಕೆಂಬುದೇ ಪ್ರಶ್ನೆ. ಕಳೆದ ಎರಡು ವರ್ಷಗಳ ಮಾರಾಟದ ಪುಸ್ತಕವು ಹೀಗಿದೆ:

| ತ್ರೈಮಾಸಿಕ | ಮೊದಲ ವರ್ಷ | ಎರಡನೆಯ ವರ್ಷ |
|---|---|---|
| ಜನವರಿ–ಮಾರ್ಚಿ | 66 | 70 |
| ಏಪ್ರಿಲ್–ಜೂನ್ | 52 | 60 |
| ಜುಲೈ–ಸೆಪ್ಟೆಂಬರ್ | 28 | 36 |
| ಅಕ್ಟೋಬರ್–ಡಿಸೆಂಬರ್ | 38 | 42 |

ಈ ಅಂಕಿಗಳಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಬೆರೆತುಕೊಂಡಿವೆ: ಬಾವಿಯ ನೀರು ಇಳಿಯುವ ಬೇಸಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುವ ಋತುಮಾನದ ಏರಿಳಿತ, ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಆಗುತ್ತಿರುವ ವೃದ್ಧಿ, ಮತ್ತು ಯಾವ ನಿಯಮಕ್ಕೂ ಒಳಪಡದ ಆಕಸ್ಮಿಕ. ಇವನ್ನು ಬಿಡಿಸಿ ನೋಡುವ ಉಪಕರಣವೇ ಚಲಿಸುವ ಸರಾಸರಿ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಹೂಕರನು 1901ರಲ್ಲಿ ವ್ಯಾಪಾರದ ಏರಿಳಿತಕ್ಕೂ ವಿವಾಹಗಳ ಪ್ರಮಾಣಕ್ಕೂ ಇರುವ ಸಂಬಂಧವನ್ನು ಶೋಧಿಸುವಾಗ, ದೀರ್ಘಕಾಲದ ಪ್ರವೃತ್ತಿಯನ್ನು ಬೇರ್ಪಡಿಸುವುದಕ್ಕೋಸ್ಕರ ಒಂಬತ್ತು ವರ್ಷಗಳ ಇಂತಹ ಸರಾಸರಿಯನ್ನು ಪ್ರಯೋಗಿಸಿದನು. ಕ್ರಮವು ಅತಿ ಸರಳ. ಮೊದಲ ನಾಲ್ಕು ತ್ರೈಮಾಸಿಕಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಬೇಕು. ಅನಂತರ ಅತ್ಯಂತ ಹಳೆಯದೊಂದನ್ನು ಕೈಬಿಟ್ಟು, ಹೊಸದೊಂದನ್ನು ಸೇರಿಸಿಕೊಂಡು ಮತ್ತೆ ಭಾಗಿಸಬೇಕು. ಹೀಗೆಯೇ ಅಂಕಿಗಳ ತುದಿಯವರೆಗೆ ಸಾಗಬೇಕು. ಮೊದಲ ವರ್ಷದ ಮೊತ್ತ 184, ಸರಾಸರಿ 46. 66ನ್ನು ಬಿಟ್ಟು 70ನ್ನು ಸೇರಿಸಿದರೆ ಮೊತ್ತ 188, ಸರಾಸರಿ 47. ಅದೇ ಕ್ರಮದಲ್ಲಿ ಮುಂದಿನವು 49, 51, 52. ಅರುವತ್ತಾರರಿಂದ ಇಪ್ಪತ್ತೆಂಟಕ್ಕೆ ಧುಮುಕಿ ಎಪ್ಪತ್ತಕ್ಕೆ ನೆಗೆಯುತ್ತಿದ್ದ ಸಾಲು ಈಗ 46, 47, 49, 51, 52 ಎಂದು ಮೆಲ್ಲಗೆ ಏರುವ ಸಾಲಾಗಿದೆ.

ನಾಲ್ಕನ್ನೇ ಏಕೆ ಆರಿಸಿಕೊಳ್ಳಬೇಕು, ಮೂರಾದರೆ ಆಗದೇ ಎಂದು ಕೇಳಬಹುದು. ಮೂರರ ಸರಾಸರಿಯನ್ನು ತೆಗೆದು ನೋಡಿದರೆ ಬರುವ ಅಂಕಿಗಳು ಸುಮಾರಾಗಿ 49, 39, 45, 56. ಏರಿಳಿತವು ಇಲ್ಲಿ ಅಳಿದಿಲ್ಲ, ರೂಪವನ್ನು ಮಾತ್ರ ಬದಲಿಸಿಕೊಂಡಿದೆ. ಏಕೆಂದರೆ ಮೂರು ತ್ರೈಮಾಸಿಕಗಳ ಗುಂಪಿನಲ್ಲಿ ಒಮ್ಮೆ ಬೇಸಗೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಾಲ್ಕರ ಗುಂಪಿನಲ್ಲಾದರೋ ವರ್ಷದ ಎಲ್ಲ ಋತುಗಳೂ ಒಂದೊಂದು ಸಲ ತಪ್ಪದೆ ಬರುವುದರಿಂದ ಅವುಗಳ ಏರು ತಗ್ಗುಗಳು ಪರಸ್ಪರ ಕಳೆದುಹೋಗುತ್ತವೆ. ಆದಕಾರಣ ತಿಂಗಳಿನ ಲೆಕ್ಕವಿಟ್ಟವರು ಹನ್ನೆರಡನ್ನೂ, ತ್ರೈಮಾಸಿಕದ ಲೆಕ್ಕವಿಟ್ಟವರು ನಾಲ್ಕನ್ನೂ ಹಿಡಿಯತಕ್ಕದ್ದು. ಅವಧಿಯು ಋತುಚಕ್ರಕ್ಕೆ ಸರಿಹೊಂದದೆ ಹೋದಾಗ, ಸರಾಸರಿಯ ಸಾಲೇ ವರ್ಷಕ್ಕೊಮ್ಮೆ ಅಲೆಯಂತೆ ಏಳುವುದರಿಂದ ತಪ್ಪು ಕಣ್ಣಿಗೆ ತಾನಾಗಿ ಬೀಳುತ್ತದೆ.

ಇನ್ನು ಈ ಸಾಕ್ಷಿಯ ನಿಯತವಾದ ದೋಷಕ್ಕೆ ಬರೋಣ. ಬಹುಮಂದಿ ಕೊನೆಯ ಸರಾಸರಿಯಾದ 52ನ್ನು ಮುಂದಿನ ತ್ರೈಮಾಸಿಕದ ಅಂದಾಜೆಂದು ನೇರವಾಗಿ ಬರೆದುಬಿಡುತ್ತಾರೆ. ಪಠ್ಯಪುಸ್ತಕಗಳ ಮೊದಲ ಪಾಠವೂ ಅಲ್ಲಿಗೇ ನಿಲ್ಲುವುದುಂಟು. ಆದರೆ 52 ಎಂಬುದು ಯಾವ ಕಾಲದ ಅಂಕಿ? ಎರಡನೆಯ ವರ್ಷದ ನಾಲ್ಕು ತ್ರೈಮಾಸಿಕಗಳ ನಡುಮಧ್ಯದ, ಎಂದರೆ ಜೂನ್ ಮುಗಿದು ಜುಲೈ ಹುಟ್ಟುವ ಹೊತ್ತಿನ ಅಂಕಿ. ನಮಗೆ ಬೇಕಾಗಿರುವ ಜನವರಿ–ಮಾರ್ಚಿಯ ನಡುವಣ ಬಿಂದುವು ಅಲ್ಲಿಂದ ಎರಡೂವರೆ ತ್ರೈಮಾಸಿಕಗಳಷ್ಟು ಮುಂದಿದೆ. ವ್ಯಾಪಾರವು ನಿಂತಲ್ಲಿಯೇ ನಿಂತಿದ್ದರೆ ಈ ಅಂತರದಿಂದ ಬಾಧಕವಿಲ್ಲ. ಬೆಳೆಯುತ್ತಿರುವ ವ್ಯಾಪಾರದಲ್ಲಿ ಮಾತ್ರ ಸರಾಸರಿಯು ಸದಾ ಹಿಂದೆ ಬೀಳುತ್ತದೆ, ಇಳಿಯುತ್ತಿರುವ ವ್ಯಾಪಾರದಲ್ಲಿ ಸದಾ ಮೇಲೆ ಉಳಿಯುತ್ತದೆ. ಎಷ್ಟು ಹಿಂದೆ ಎಂಬುದಕ್ಕೆ ನಿಯಮವಿದೆ: ಸರಾಸರಿಗೆ ಸೇರಿಸಿದ ಅವಧಿಗಳ ಸಂಖ್ಯೆಗೆ ಒಂದನ್ನು ಕೂಡಿಸಿ ಅರ್ಧ ಮಾಡಿದರೆ ಬರುವಷ್ಟು ಅವಧಿಗಳ ವೃದ್ಧಿ. ನಾಲ್ಕಕ್ಕೆ ಎರಡೂವರೆ, ಹನ್ನೆರಡಕ್ಕೆ ಆರೂವರೆ. ಸರಾಸರಿಯ ಅವಧಿಯನ್ನು ಹಿಗ್ಗಿಸಿದಷ್ಟೂ ಆಕಸ್ಮಿಕಗಳು ಚೆನ್ನಾಗಿ ಅಡಗುತ್ತವೆ, ಹಿಂದೆ ಬೀಳುವಿಕೆಯೂ ಅಷ್ಟೇ ಹೆಚ್ಚುತ್ತದೆ. ಒಂದನ್ನು ಪಡೆಯದೆ ಇನ್ನೊಂದನ್ನು ಪಡೆಯಲಾಗದು.

ಆದರೆ ಹಿಂದೆ ಬೀಳುವ ಪ್ರಮಾಣ ತಿಳಿದಿರುವಾಗ ಅದನ್ನು ತಿದ್ದುವುದು ಕಷ್ಟವಲ್ಲ. ನಮ್ಮ ಸರಾಸರಿಯು ನಾಲ್ಕು ಹೆಜ್ಜೆಗಳಲ್ಲಿ 46ರಿಂದ 52ಕ್ಕೆ ಏರಿದೆ, ಹೆಜ್ಜೆಗೆ ಒಂದೂವರೆಯಂತೆ. ಎರಡೂವರೆ ಹೆಜ್ಜೆಗಳಿಗೆ 3.75. ಇದನ್ನು 52ಕ್ಕೆ ಸೇರಿಸಿದರೆ ಬರುವ ಜನವರಿ–ಮಾರ್ಚಿಯ ವೇಳೆಗೆ ಋತುವಿನ ಪ್ರಭಾವವನ್ನು ಬಿಟ್ಟ ಮಾರಾಟದ ಮಟ್ಟ 55.75. ಇದಕ್ಕೆ ಈಗ ಋತುವನ್ನು ಮರಳಿ ಕೂಡಿಸಬೇಕು. ಎರಡನೆಯ ವರ್ಷದ ಜನವರಿ–ಮಾರ್ಚಿಯ ಎರಡು ಬದಿಗಳಲ್ಲಿ ಬೀಳುವ ಸರಾಸರಿಗಳು 49 ಮತ್ತು 51. ಅವೆರಡರ ಮಧ್ಯವಾದ 50 ಆ ತ್ರೈಮಾಸಿಕದ ಮೇಲೆ ಸರಿಯಾಗಿ ಕುಳಿತುಕೊಳ್ಳುತ್ತದೆ. ಆಗ ನಿಜವಾಗಿ ಮಾರಾಟವಾದದ್ದು 70. ಎಂದರೆ ಬೇಸಗೆಯ ಮೊದಲ ಪಾದದಲ್ಲಿ ಮಾರಾಟವು ಸಾಮಾನ್ಯ ಮಟ್ಟದ 1.4 ಪಾಲು. 55.75ನ್ನು 1.4ರಿಂದ ಗುಣಿಸಿದರೆ 78. ಹಾಗೆಯೇ ಬರೆದುಬಿಡುತ್ತಿದ್ದ 52ಕ್ಕೂ ತಿದ್ದಿ ಪಡೆದ 78ಕ್ಕೂ ಇರುವ ಅಂತರ ಇಪ್ಪತ್ತಾರು ಪಂಪುಗಳು. ಒಂದೇ ವರ್ಷದ ಅಂಕಿಯಿಂದ ಋತುಮಾನದ ಗುಣಕವನ್ನು ತೆಗೆಯುವುದು ಇಲ್ಲಿ ಅಭ್ಯಾಸಕ್ಕಾಗಿ ಮಾಡಿದ ಸಂಕ್ಷೇಪವೆಂಬುದನ್ನು ನೆನಪಿಡಬೇಕು. ಒಂದು ವರ್ಷದ ಜನವರಿಯಲ್ಲಿ ಏನಾದರೂ ವಿಶೇಷ ನಡೆದಿದ್ದರೆ ಅದೂ ಋತುವೆಂದೇ ಎಣಿಕೆಯಾಗುವುದರಿಂದ, ನಾಲ್ಕೈದು ವರ್ಷಗಳ ಗುಣಕಗಳನ್ನು ತೆಗೆದು ಅವುಗಳ ಸರಾಸರಿಯನ್ನು ಬಳಸುವುದೇ ಯುಕ್ತ.

ಇಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ, ಏಕೆಂದರೆ ಈ ವಿಧಾನದ ಚರಿತ್ರೆಯಲ್ಲಿ ಇದಕ್ಕಿಂತ ಆಶ್ಚರ್ಯಕರವಾದುದನ್ನು ನಾನು ಓದಿಲ್ಲ. ರಷ್ಯಾದ ಸ್ಲುಟ್ಸ್ಕಿ ಎಂಬ ಅರ್ಥಶಾಸ್ತ್ರಜ್ಞನು 1927ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಸರ್ಕಾರಿ ಲಾಟರಿಯ ಅಂಕಿಗಳನ್ನು ತೆಗೆದುಕೊಂಡು, ಹತ್ತು ಹತ್ತನ್ನು ಮೇಲಿನ ಕ್ರಮದಲ್ಲಿಯೇ ಒಂದೊಂದಾಗಿ ಸರಿಸುತ್ತ ಕೂಡಿಸಿದನು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಆ ಅಂಕಿಗಳಿಂದ ಏಳುಬೀಳುಗಳ ಸುಂದರವಾದ ಅಲೆಗಳೆದ್ದವು. ಇಂಗ್ಲೆಂಡಿನಲ್ಲಿ 1855ರಿಂದ 1877ರವರೆಗೆ ನಡೆದ ವ್ಯಾಪಾರದ ಏರಿಳಿತದ ರೇಖೆಯೊಡನೆ ಅದನ್ನಿಟ್ಟು ನೋಡಿದಾಗ ಎರಡಕ್ಕೂ ವಿಸ್ಮಯಕರವಾದ ಹೋಲಿಕೆ ಕಂಡುಬಂದಿತು. ಪಕ್ಕಪಕ್ಕದ ಎರಡು ಸರಾಸರಿಗಳಲ್ಲಿ ಬಹುಪಾಲು ಅಂಕಿಗಳು ಸಮಾನವಾಗಿರುವುದರಿಂದ ಅವು ಒಂದನ್ನೊಂದು ಹಿಡಿದುಕೊಂಡೇ ಏರುತ್ತವೆ, ಹಿಡಿದುಕೊಂಡೇ ಇಳಿಯುತ್ತವೆ, ಕಾರಣ ಇಷ್ಟೇ. ಆದ್ದರಿಂದ ಸರಾಸರಿಯ ಸಾಲಿನಲ್ಲಿ ಮೂರು ವರ್ಷಕ್ಕೊಮ್ಮೆಯೋ ನಾಲ್ಕು ವರ್ಷಕ್ಕೊಮ್ಮೆಯೋ ಮಾರಾಟ ಏಳುವ ಚಕ್ರವೊಂದು ಕಾಣಿಸಿತೆಂದು ಯಾರಾದರೂ ಹೇಳಿದರೆ, ಆ ಚಕ್ರವನ್ನು ಮೂಲದ ಅಂಕಿಗಳಲ್ಲಿ ತೋರಿಸಿರೆಂದು ಕೇಳಬೇಕು. ಅಲ್ಲಿ ಕಾಣದಿದ್ದರೆ ಅದು ವ್ಯಾಪಾರದಲ್ಲಿಲ್ಲ, ಕೂಡಿಸಿದ ರೀತಿಯಲ್ಲಿದೆ.

78 ಎಂಬ ಉತ್ತರವನ್ನು ಪಡೆದೆವು. ಆದರೆ ಈ ಉತ್ತರಕ್ಕೆ ಕಳೆದ ಅಕ್ಟೋಬರಿನ ಮಳೆ ಗೊತ್ತಿಲ್ಲ. ಕೆರೆಗಳು ತುಂಬಿ ಅಂತರ್ಜಲ ಏರಿದೆಯೇ, ಕೊಬ್ಬರಿಯ ಬೆಲೆ ಬಿದ್ದಿದೆಯೇ ಎಂಬುದು ಮಾರಾಟದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅದನ್ನು ಬಲ್ಲವರು ಕೊಳ್ಳುವವರು. ಹಾಗಾದರೆ ಅವರನ್ನೇ ಕೇಳಬಾರದೇಕೆ?

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಕಟೋನಾ ಮತ್ತು ಆತನ ಸಹೋದ್ಯೋಗಿಗಳು ಈ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡು, ಬರುವ ವರ್ಷದಲ್ಲಿ ಕಾರನ್ನಾಗಲಿ ಮನೆಯನ್ನಾಗಲಿ ಕೊಳ್ಳುವ ಉದ್ದೇಶವುಂಟೇ ಎಂದು ಕುಟುಂಬಗಳನ್ನು ವಿಚಾರಿಸತೊಡಗಿದರು. ಅಂತಹ ಸಮೀಕ್ಷೆಗಳ ಫಲಿತಾಂಶಗಳನ್ನು ಅನಂತರದ ಖರೀದಿಗಳೊಡನೆ ತಾಳೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಕೊಳ್ಳುವೆನೆಂದವರಲ್ಲಿ ಕೊಂಡವರ ಪ್ರಮಾಣವೇನೋ ಹೆಚ್ಚು, ಆದರೆ ಒಟ್ಟು ಖರೀದಿಗಳಲ್ಲಿ ಅಧಿಕಾಂಶವನ್ನು ಮಾಡಿದವರು ಕೊಳ್ಳುವ ಉದ್ದೇಶವಿಲ್ಲವೆಂದವರೇ. ಅವರು ಸುಳ್ಳು ಹೇಳಿದವರಲ್ಲ. ಇಲ್ಲವೆಂದವರ ಸಂಖ್ಯೆಯೇ ಬಹಳ ದೊಡ್ಡದು. ಅವರಲ್ಲಿ ನೂರಕ್ಕೆ ಕೆಲವರು ಮನಸ್ಸು ಬದಲಿಸಿದರೂ ಮೊತ್ತ ದೊಡ್ಡದಾಗುತ್ತದೆ. ಥಾಮಸ್ ಜಸ್ಟರ್ ಎಂಬ ಅರ್ಥಶಾಸ್ತ್ರಜ್ಞನು 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದನು: ‘ಕೊಳ್ಳುವಿರಾ, ಇಲ್ಲವೇ’ ಎಂದು ಕೇಳುವುದಕ್ಕೆ ಬದಲಾಗಿ, ಸೊನ್ನೆಯಿಂದ ಹತ್ತರವರೆಗಿನ ಮೆಟ್ಟಿಲುಗಳನ್ನು ತೋರಿಸಿ, ಕೊಳ್ಳುವ ಸಂಭವ ಹತ್ತರಲ್ಲಿ ಎಷ್ಟೆಂದು ಕೇಳಬೇಕು. ನಮ್ಮ ಹಳ್ಳಿಗಳಲ್ಲಂತೂ ಇದು ಅತ್ಯಾವಶ್ಯಕ. ಅಂಗಡಿಯಿಂದ ಬಂದವನೊಬ್ಬನು ‘ಪಂಪು ತಗೊಳ್ತೀರಾ ಗೌಡರೇ?’ ಎಂದು ಜಗಲಿಯ ಮೇಲೆ ಕುಳಿತು ಕೇಳಿದರೆ, ಇಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುವ ಅಭ್ಯಾಸ ನಮ್ಮವರಿಗಿಲ್ಲ. ‘ನೋಡೋಣ ಬಿಡಪ್ಪ, ಬೆಳೆ ಕೈಗೆ ಬರಲಿ’ ಎನ್ನುತ್ತಾರೆ. ಆ ಉತ್ತರವನ್ನು ಹೌದೆಂದು ಬರೆದರೂ ತಪ್ಪು, ಇಲ್ಲವೆಂದು ಬರೆದರೂ ತಪ್ಪು. ಹತ್ತರಲ್ಲಿ ಎರಡೆಂದೋ ಐದೆಂದೋ ಬರೆದುಕೊಳ್ಳಲು ಸ್ಥಳವಿದ್ದರೆ ಮಾತ್ರ ಅದಕ್ಕೆ ನ್ಯಾಯ ಸಲ್ಲುತ್ತದೆ.

ನಮ್ಮ ಅಂಗಡಿಯ ಆಸುಪಾಸಿನಲ್ಲಿ ಕೊಳವೆ ಬಾವಿಗೆ ವಿದ್ಯುತ್ ಸಂಪರ್ಕ ಪಡೆದ 1,200 ರೈತ ಕುಟುಂಬಗಳಿವೆ ಎನ್ನೋಣ. ಆ ಪಟ್ಟಿಯಿಂದ ಚೀಟಿಯೆತ್ತಿ 120 ಕುಟುಂಬಗಳನ್ನು ಆರಿಸಬೇಕು. ಅಂಗಡಿಗೆ ಬಂದವರನ್ನೇ ಕೇಳಿದರೆ ಅವರು ಆಗಲೇ ಅರ್ಧ ಮನಸ್ಸು ಮಾಡಿ ಬಂದವರು; ಸಾಲದ ಪುಸ್ತಕದಲ್ಲಿರುವವರನ್ನು ಕೇಳಿದರೆ ನಮ್ಮಲ್ಲಿ ಎಂದೂ ಕೊಳ್ಳದವರು ಹೊರಗುಳಿಯುತ್ತಾರೆ. ಮುಂದಿನ ಮೂರು ತಿಂಗಳಲ್ಲಿ ಹೊಸ ಪಂಪನ್ನು ಕೊಳ್ಳುವ ಸಂಭವವನ್ನು ಕೇಳಿದಾಗ 90 ಮಂದಿ ಸೊನ್ನೆಯೆಂದರು, 18 ಮಂದಿ ಎರಡೆಂದರು, 8 ಮಂದಿ ಐದೆಂದರು, 4 ಮಂದಿ ಒಂಬತ್ತೆಂದರು. ಇಡೀ ಪ್ರದೇಶಕ್ಕೆ ಹತ್ತರಷ್ಟು ಮಾಡಿದರೆ ಕ್ರಮವಾಗಿ 900, 180, 80, 40 ಕುಟುಂಬಗಳು.

ಹೇಳಿದ ಸಂಭವವನ್ನೇ ನಂಬಿ ಗುಣಿಸಿದರೆ ಸೊನ್ನೆಯವರಿಂದ ಏನೂ ಇಲ್ಲ, ಉಳಿದವರಿಂದ 36, 40, 36, ಒಟ್ಟು 112. ಆದರೆ ಹೇಳಿದ ಸಂಭವ ಬೇರೆ, ನಡೆಯುವುದು ಬೇರೆ. ಆದಕಾರಣ ಹಿಂದಿನ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಮನೆಗಳಿಗೇ ಮೂರು ತಿಂಗಳ ಮೇಲೆ ಮತ್ತೊಮ್ಮೆ ಹೋಗಿ, ಯಾರು ಕೊಂಡರು, ಯಾರು ಕೊಳ್ಳಲಿಲ್ಲವೆಂದು ಬರೆದುಕೊಂಡಿರಬೇಕು. ಸಮೀಕ್ಷೆಯ ಅರ್ಧ ಬೆಲೆ ಈ ಎರಡನೆಯ ಭೇಟಿಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ನೋಡಿದಾಗ, ಸೊನ್ನೆಯೆಂದವರಲ್ಲಿ ನೂರಕ್ಕೆ 3, ಎರಡೆಂದವರಲ್ಲಿ 10, ಐದೆಂದವರಲ್ಲಿ 30, ಒಂಬತ್ತೆಂದವರಲ್ಲಿ 60 ಮಂದಿ ನಿಜವಾಗಿ ಕೊಂಡಿದ್ದರೆಂದು ಇಟ್ಟುಕೊಳ್ಳೋಣ. ಈಗ ಲೆಕ್ಕ ಹೀಗಾಗುತ್ತದೆ: 900ರಲ್ಲಿ 27, 180ರಲ್ಲಿ 18, 80ರಲ್ಲಿ 24, 40ರಲ್ಲಿ 24, ಒಟ್ಟು 93. ನಾಲ್ಕು ಗುಂಪುಗಳಲ್ಲಿ ಅತಿ ಹೆಚ್ಚು ಪಂಪುಗಳನ್ನು ಕೊಳ್ಳುವುದು ಕೊಳ್ಳುವುದೇ ಇಲ್ಲವೆಂದ ಗುಂಪು! ಪಂಪುಸೆಟ್ಟಿನ ವ್ಯಾಪಾರವನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ವೋಲ್ಟೇಜು ಬಿದ್ದು ಮೋಟಾರಿನ ವೈಂಡಿಂಗ್ ಸುಟ್ಟುಹೋಗುವ ದಿನವನ್ನು ಯಾವ ರೈತನೂ ಮುಂಚಿತವಾಗಿ ಅರಿತಿರಲಾರನು; ಒಮ್ಮೆ ರಿವೈಂಡಿಂಗ್ ಮಾಡಿಸುತ್ತಾನೆ, ಎರಡನೆಯ ಸಲ ಸುಟ್ಟಾಗ ಸಾಲ ಮಾಡಿಯಾದರೂ ಆ ವಾರದಲ್ಲೇ ಹೊಸದನ್ನು ತರುತ್ತಾನೆ. ಇತ್ತ ಒಂಬತ್ತೆಂದವನು ಕೊಳ್ಳದೆ ಹೋಗುವುದಕ್ಕೂ ಕಾರಣವುಂಟು: ಕೊರೆಸಿದ ಕೊಳವೆ ಬಾವಿಯಲ್ಲಿ ನೀರು ಬೀಳದಿದ್ದರೆ ಪಂಪಿನ ಮಾತೇ ಇಲ್ಲ.

ಈ 93 ಪಂಪುಗಳೆಲ್ಲವೂ ನಮ್ಮ ಅಂಗಡಿಯಲ್ಲೇ ಮಾರಾಟವಾಗುವುದಿಲ್ಲವಷ್ಟೆ. ಪ್ರದೇಶದ ವ್ಯಾಪಾರದಲ್ಲಿ ಅಂಗಡಿಯ ಪಾಲು ನಾಲ್ಕರಲ್ಲಿ ಮೂರು ಎಂದರೆ ಸುಮಾರು 70. ಮಾರಾಟದ ಪುಸ್ತಕ 78 ಎಂದಿತು, ರೈತರು 70 ಎಂದರು.

ಈ ಎಂಟರ ಅಂತರವನ್ನು ಕಂಡೊಡನೆ ರೈತರ ಮಾತು ಹೊಸದು, ಅದನ್ನೇ ನಂಬೋಣವೆಂದು ತೋರುವುದು ಸಹಜ. ಆದರೆ ನಾವು ಕಂಡದ್ದು 120 ಮನೆಗಳನ್ನು ಮಾತ್ರ, ಮತ್ತು ಆ 120ರಲ್ಲಿ ಕೊಳ್ಳಬಹುದಾದವರೆಂದು ಲೆಕ್ಕಕ್ಕೆ ಬಂದದ್ದು ಒಂಬತ್ತು ಮನೆಗಳಿಗಿಂತ ತುಸು ಹೆಚ್ಚು. ಇಂತಹ ಸಣ್ಣ ಎಣಿಕೆಯಲ್ಲಿ ಚೀಟಿಯ ಅದೃಷ್ಟದಿಂದಲೇ ಬರುವ ವ್ಯತ್ಯಾಸವು ಸುಮಾರಾಗಿ ಆ ಸಂಖ್ಯೆಯ ವರ್ಗಮೂಲದಷ್ಟು, ಎಂದರೆ ಮೂರು. ಬೇರೆ 120 ಚೀಟಿಗಳನ್ನು ಎತ್ತಿದ್ದರೆ ಒಂಬತ್ತಕ್ಕೆ ಬದಲು ಆರು ಬರಬಹುದಿತ್ತು, ಹನ್ನೆರಡೂ ಬರಬಹುದಿತ್ತು. ಮೂರು ಮನೆಗಳು ಇಡೀ ಪ್ರದೇಶದಲ್ಲಿ ಮೂವತ್ತಾಗಿ, ಅಂಗಡಿಯ ಪಾಲಿಗೆ ಇಪ್ಪತ್ತಕ್ಕೂ ಮೇಲಾಗುತ್ತವೆ. ಹಾಗಾಗಿ 70 ಎಂಬುದು ಐವತ್ತಕ್ಕೂ ತೊಂಬತ್ತಕ್ಕೂ ನಡುವೆ ಎಲ್ಲಿಯಾದರೂ ಇರಬಹುದಾದ 70. ಈ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕರಷ್ಟು, ಎಂದರೆ 480 ಮನೆಗಳನ್ನು ಕೇಳಬೇಕು. ಒಂದು ಅಂಗಡಿಗೆ ಅದು ಹೊರಲಾರದ ವೆಚ್ಚ.

ಹಾಗಿದ್ದರೂ 70ನ್ನು ಎಸೆದುಬಿಡಬೇಕಾಗಿಲ್ಲ. ಬೇಟ್ಸ್ ಮತ್ತು ಗ್ರೇಂಜರ್ ಎಂಬ ವಿದ್ವಾಂಸರು 1969ರಲ್ಲಿ ತೋರಿಸಿಕೊಟ್ಟಂತೆ, ಎರಡು ಅಂದಾಜುಗಳು ಬೇರೆ ಬೇರೆ ಮೂಲಗಳಿಂದ ಬಂದಿದ್ದರೆ ಅವುಗಳನ್ನು ತಕ್ಕ ತೂಕದಲ್ಲಿ ಕೂಡಿಸಿದ ಅಂದಾಜು ಎರಡಕ್ಕಿಂತಲೂ ಉತ್ತಮವಾಗಬಲ್ಲುದು. ತೂಕವು ಹಿಂದಿನ ತಪ್ಪುಗಳ ವರ್ಗಕ್ಕೆ ವಿಲೋಮವಾಗಿರಬೇಕು. ತಿದ್ದಿದ ಚಲಿಸುವ ಸರಾಸರಿಯು ಈ ಹಿಂದೆ ಸಾಮಾನ್ಯವಾಗಿ 10 ಪಂಪುಗಳಷ್ಟು, ಸಮೀಕ್ಷೆಯು 20 ಪಂಪುಗಳಷ್ಟು ತಪ್ಪಿದ್ದರೆ, ವರ್ಗಗಳು 100 ಮತ್ತು 400. ತೂಕಗಳು ಐದರಲ್ಲಿ ನಾಲ್ಕು ಮತ್ತು ಐದರಲ್ಲಿ ಒಂದು. 78ರ ನಾಲ್ಕು ಪಾಲು 62.4, 70ರ ಒಂದು ಪಾಲು 14, ಕೂಡಿಸಿದರೆ 76.4. ಯಜಮಾನರು 76 ಪಂಪುಗಳಿಗೆ ಮುಂಗಡ ಕಳುಹಿಸಬಹುದು.

ಇನ್ನು ಈ ಅಂದಾಜು ಫಲಿಸಿತೇ ಎಂಬುದನ್ನು ತಿಳಿಯುವ ಬಗೆ. ಮಾರ್ಚಿಯ ನಡುವಿನಲ್ಲೇ 76 ಪಂಪುಗಳೂ ಮಾರಾಟವಾದುವು, ಆ ಮೇಲೆ ಬಂದ ಐವರು ರೈತರು ಬರಿಗೈಯಲ್ಲಿ ಹಿಂದಿರುಗಿದರು ಎಂದು ಭಾವಿಸೋಣ. ತಿಂಗಳ ಕೊನೆಯಲ್ಲಿ ಪುಸ್ತಕ ತೆರೆದರೆ ಅಂದಾಜು 76, ಮಾರಾಟ 76. ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಕಾಣುತ್ತದೆ. ನಿಜವಾದ ಬೇಡಿಕೆಯಾದರೋ 81. ನಮ್ಮ ದೇಶದಲ್ಲಿ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಮಾರಾಟದ ಅಂಕಿಯು ಜನರ ಬಯಕೆಯನ್ನಲ್ಲ, ಕಾರ್ಖಾನೆಯ ಶಕ್ತಿಯನ್ನು ಮಾತ್ರ ಹೇಳುತ್ತಿದ್ದಂತೆಯೇ, ಇಲ್ಲಿ 76 ಎಂಬ ಅಂಕಿಯು ಗೋದಾಮಿನಲ್ಲಿದ್ದುದನ್ನು ಹೇಳುತ್ತಿದೆ. ಇದು ಮುಂದಿನ ಲೆಕ್ಕಕ್ಕೆ ಹಾಗೆಯೇ ಪ್ರವೇಶಿಸಿದರೆ ಚಲಿಸುವ ಸರಾಸರಿ 53.5 ಆಗುತ್ತದೆ, ವೃದ್ಧಿಯು ತ್ರೈಮಾಸಿಕಕ್ಕೆ 1.6, ಬದಲಾಗಿ 81 ಪ್ರವೇಶಿಸಿದರೆ ಸರಾಸರಿ 54.75, ವೃದ್ಧಿ 1.9. ಕಡಮೆ ತರಿಸಿದುದರಿಂದ ಕಡಮೆ ಮಾರಾಟ, ಕಡಮೆ ಮಾರಾಟದಿಂದ ಮತ್ತೆ ಕಡಮೆ ಅಂದಾಜು, ಹೀಗೆ ತಪ್ಪು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತ ಹೋಗುತ್ತದೆ, ಮತ್ತು ಯಾವ ತ್ರೈಮಾಸಿಕದಲ್ಲೂ ಪುಸ್ತಕದಲ್ಲಿ ತಪ್ಪೆಂದು ಕಾಣಿಸುವುದಿಲ್ಲ. ಸರಕು ಮುಗಿದ ದಿನಾಂಕವು ತ್ರೈಮಾಸಿಕದ ಕೊನೆಗಿಂತ ಮುಂಚೆ ಬಿದ್ದಿದೆಯೇ ಎಂದು ನೋಡುವುದೇ ಇದನ್ನು ಹಿಡಿಯುವ ದಾರಿ.

ಆದುದರಿಂದ ಮಾರಾಟದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಸಣ್ಣ ಪುಸ್ತಕವಿರಬೇಕು. ಇಲ್ಲವೆನ್ನಿಸಿಕೊಂಡು ಹೋದ ಪ್ರತಿಯೊಬ್ಬ ರೈತನಿಗೂ ಅದರಲ್ಲಿ ಒಂದು ಸಾಲು: ಬಂದ ದಿನ, ಊರು, ಕೇಳಿದ ಪಂಪು ಎಷ್ಟು ಎಚ್‌ಪಿಯದು, ಮತ್ತು ಆತನು ಬೇರೆಡೆಗೆ ಹೋದನೇ ಅಥವಾ ಹೊಸ ಸರಕು ಬರುವತನಕ ಕಾಯಲು ಒಪ್ಪಿದನೇ ಎಂಬುದು. ಕೊನೆಯ ಅಂಕಣವನ್ನು ಬಿಡತಕ್ಕದ್ದಲ್ಲ. ಕಾಯಲು ಒಪ್ಪಿದವನು ಏಪ್ರಿಲ್ ತಿಂಗಳ ಮಾರಾಟದಲ್ಲಿ ತಾನಾಗಿ ಬಂದು ಸೇರುವನು. ಅವನನ್ನು ಜನವರಿ–ಮಾರ್ಚಿಯ ಬೇಡಿಕೆಗೆ ಸೇರಿಸಿದರೆ, ಏಪ್ರಿಲಿನ ಮಾರಾಟದಿಂದ ಒಂದನ್ನು ಕಳೆಯಬೇಕು.